ಹಲ್ಲಿನ ಕುರ್ಚಿ ಹತ್ತುವ ಮುಂಚಿನ ನೋವು

(ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲ್ಲಿನ ಡಾಕ್ಟರ ಹತ್ತಿರ ಮೂರು ಸಲ ಹೋದ ಒಬ್ಬರು, ಮೂರು ಸಲವೂ ಅಂದುಕೊಂಡಿದ್ದಕ್ಕಿಂತ ಕಡಿಮೆ ನೋವಿನಲ್ಲೇ ಮನೆಗೆ ಬಂದಿರುತ್ತಾರೆ. ನಾಲ್ಕನೆಯ ಸಲ ಹೊರಡುವಾಗ ಮತ್ತೆ ಮೊದಲ ಸಲದಷ್ಟೇ ಹೆದರಿರುತ್ತಾರೆ. ಬಿಸಿ ಹಾಲು ಒಮ್ಮೆ ನಾಲಿಗೆ ಸುಟ್ಟರೆ ನಾವು ಜನ್ಮಪೂರ್ತಿ ಊದಿ ಕುಡಿಯುತ್ತೇವೆ. ಅಷ್ಟು ಬೇಗ ಪಾಠ ಕಲಿಯುವ ನಾವು, "ಇದು ಅಷ್ಟೇನೂ ನೋಯಲಿಲ್ಲ" ಎಂಬ ಪಾಠವನ್ನು ಮಾತ್ರ ಮೂರು ಸಲ ಹೇಳಿಸಿಕೊಂಡರೂ ಯಾಕೆ ಕಲಿಯುವುದಿಲ್ಲ? ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಮುಂದೆ ಬರಲಿರುವುದಕ್ಕೆ ಈಗಲೇ ಹೆದರುವುದು ಪರೀಕ್ಷೆಗೂ ಇದೆ, ಸಂದರ್ಶನಕ್ಕೂ ಇದೆ, ಸ್ಕ್ಯಾನ್ ವರದಿಗೂ ಇದೆ. ನಾನು ಹಲ್ಲಿನ ಚಿಕಿತ್ಸೆಯನ್ನೇ ಆರಿಸಿಕೊಳ್ಳುವುದಕ್ಕೆ ಎರಡು ಕಾರಣ. ಮನಶ್ಶಾಸ್ತ್ರಜ್ಞೆಯಾಗಿ ನಾನು ನೋಡುವವರಲ್ಲಿ ಹಲ್ಲಿನ ಚಿಕಿತ್ಸೆಗೆ ಹೆದರಿ ಮುಂದೂಡುತ್ತಾ ಬಂದವರು ಬಹಳ ಜನ. ಇನ್ನೊಂದು, ಇಲ್ಲಿ ಭಯವನ್ನೂ ನೋವನ್ನೂ ಬೇರೆಬೇರೆಯಾಗಿ ಅಳೆಯಬಹುದು. ಮುಂಚೆ ಎಷ್ಟು ನೋಯುತ್ತದೆ ಅಂದುಕೊಂಡಿರಿ ಎಂದು ಕೇಳಬಹುದು, ಕುರ್ಚಿ ಇಳಿದ ಕೂಡಲೇ ಎಷ್ಟು ನೋಯಿತು ಎಂದೂ ಕೇಳಬಹುದು. ಪರೀಕ್ಷೆಯ ಭಯದಲ್ಲಿ ಇಷ್ಟು ಸ್ಪಷ್ಟವಾದ ಅಳತೆ ಸಿಗುವುದಿಲ್ಲ.

ಹಲವರ ಅನುಭವ ಸೇರಿಸಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಸುಜಾತ ಎಂದಿಟ್ಟುಕೊಳ್ಳಿ, ವಯಸ್ಸು ನಲವತ್ತೈದು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೆಳಗಿನ ಬಲಗಡೆಯ ದವಡೆ ಹಲ್ಲಿನ ಹುಳುಕು ಒಳಗಿನ ನರದವರೆಗೂ ಹೋಗಿದೆ. ರೂಟ್ ಕೆನಾಲ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಸೋಮವಾರ ಫೋನ್ ಮಾಡಿದರೆ ಸಿಕ್ಕಿದ್ದು ಶನಿವಾರ ಸಂಜೆ ಐದೂವರೆಯ ಹೊತ್ತು. ಫೋನ್ ಇಟ್ಟ ಗಳಿಗೆಯಿಂದ ಸುಜಾತ ಅವರ ಚಿಕಿತ್ಸೆ ಶುರುವಾಯಿತು ಅನ್ನಬಹುದು. ಮಂಗಳವಾರ ಪಾಠದ ಮಧ್ಯೆ ಡ್ರಿಲ್ಲಿನ ಸದ್ದು ನೆನಪಾಗುತ್ತದೆ. ಬುಧವಾರ ರಾತ್ರಿ ನಿದ್ದೆ ಇಲ್ಲ. ಗುರುವಾರ ಪಕ್ಕದ ಮನೆಯವರು ತಮ್ಮ ರೂಟ್ ಕೆನಾಲ್ ಕತೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ಶನಿವಾರ ಮಧ್ಯಾಹ್ನದ ಊಟ ಸೇರುವುದಿಲ್ಲ.

ಎಷ್ಟು ನೋಯಬಹುದು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂದರೆ ಅವರು ಎಂಟು ಅನ್ನುತ್ತಾರೆ. ಕುರ್ಚಿಯಲ್ಲಿ ಆದದ್ದು ಹೀಗೆ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದಾಗ ಮೂರು, ಅದೂ ಒಂದು ನಿಮಿಷದೊಳಗೆ ಮುಗಿಯಿತು. ತುಟಿ ದಪ್ಪಗಾದ ಮೇಲೆ ಡ್ರಿಲ್ ಮಾಡಿದಾಗ ಸದ್ದು, ನೀರು, ಒತ್ತಡ ಎಲ್ಲ ಗೊತ್ತಾದರೂ ನೋವು ಹೆಚ್ಚುಕಡಿಮೆ ಇಲ್ಲ. ಮುಕ್ಕಾಲು ಗಂಟೆ ಬಾಯಿ ತೆರೆದು ದವಡೆ ಸೋತಿತು. ಆಮೇಲೆ ಎರಡು ದಿನ ಆ ಕಡೆ ಅಗಿದರೆ ನೋಯುತ್ತಿತ್ತು, ಮಾತ್ರೆಗೆ ಬಗ್ಗಿತು. ಇಷ್ಟನ್ನೂ ಒಂದು ಕಡೆ ಇಡಿ. ಸೋಮವಾರದಿಂದ ಶನಿವಾರದವರೆಗಿನ ಹೊಟ್ಟೆಯ ತಳಮಳ, ಕೆಟ್ಟ ನಿದ್ದೆ, ಬಿಟ್ಟ ಊಟವನ್ನು ಇನ್ನೊಂದು ಕಡೆ ಇಡಿ. ಯಾವುದು ಹೆಚ್ಚಿನ ಸಂಕಟ ಎಂದು ಸುಜಾತ ಅವರನ್ನೇ ಕೇಳಿದರೆ ಅವರು ಯೋಚಿಸದೆ ಉತ್ತರ ಕೊಡುತ್ತಾರೆ.

ಕಾಯುವುದೇ ಒಂದು ನೋವು ಎನ್ನುವುದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕೆಲಸ ಅದು. 32 ಜನ ಸ್ವಯಂಸೇವಕರು, ಪಾದಕ್ಕೆ ಸಣ್ಣ ವಿದ್ಯುತ್ ಆಘಾತ. ಪ್ರತಿ ಸಲವೂ ಆಘಾತ ಎಷ್ಟು ಬಲವಾಗಿರುತ್ತದೆ, ಎಷ್ಟು ಸೆಕೆಂಡು ಕಾಯಬೇಕು ಎಂದು ಮೊದಲೇ ತಿಳಿಸುತ್ತಿದ್ದರು. ಆಮೇಲೆ ಆಯ್ಕೆ ಕೊಟ್ಟರು: ಜೋರಾದದ್ದು ಬೇಗ ಬರಲೋ, ಹಗುರಾದದ್ದು ತಡವಾಗಿ ಬರಲೋ? ಲೆಕ್ಕ ಹಾಕಿದರೆ ಹಗುರಾದದ್ದನ್ನೇ ಆರಿಸಬೇಕು. ಆದರೆ ಅವರಲ್ಲಿ ಒಂದು ಗುಂಪು, ಕಾಯುವುದು ತಪ್ಪಿದರೆ ಸಾಕು ಎಂದು ಜೋರಾದ ಆಘಾತವನ್ನೇ ಕೇಳಿ ಪಡೆಯಿತು. ಅರ್ಧ ನಿಮಿಷಕ್ಕೂ ಕಡಿಮೆ ಅವಧಿಯ ಕಾಯುವಿಕೆಯನ್ನು ತಪ್ಪಿಸಲು ಹೆಚ್ಚಿನ ನೋವನ್ನು ಬೆಲೆಯಾಗಿ ಕೊಟ್ಟರು.

ಈ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಭಾಗ ಮಿದುಳಿನ ಸ್ಕ್ಯಾನ್. ಕಾಯುತ್ತಿರುವಾಗ, ಅಂದರೆ ಆಘಾತ ಇನ್ನೂ ಬಂದಿಲ್ಲದಾಗಲೇ, ನೋವನ್ನು ಗ್ರಹಿಸುವ ಭಾಗಗಳಲ್ಲಿ ಚಟುವಟಿಕೆ ಏರುತ್ತಿತ್ತು. ಕಾಯಲಾರದೆ ಜೋರಾದ ಆಘಾತ ಆರಿಸಿಕೊಂಡವರಲ್ಲಿ ಆ ಏರಿಕೆ ಎದ್ದು ಕಾಣುತ್ತಿತ್ತು. ಬರಲಿರುವ ನೋವಿನ ಜಾಗದ ಮೇಲೆಯೇ ಗಮನ ನೆಟ್ಟಿರುವುದರ ಗುರುತು ಅದು ಎಂದು ಸಂಶೋಧಕರು ಅರ್ಥ ಮಾಡಿಕೊಂಡರು. ಸುಜಾತ ಅವರೂ ಮಂಗಳವಾರದಿಂದ ನಾಲಿಗೆಯಲ್ಲಿ ಆ ದವಡೆ ಹಲ್ಲನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು ಎಂದಿಟ್ಟುಕೊಳ್ಳಿ, ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೀಗೆ ಕಾಯುವವರನ್ನು "ಸುಮ್ಮನೆ ಹೆದರ್ತೀರ" ಎಂದು ಗದರುವುದು ಅನ್ಯಾಯ. ಅವರ ಸಂಕಟ ನಿಜವಾದದ್ದು.

ಏನಾಗುತ್ತದೆಂದು ಖಚಿತವಿಲ್ಲದಿದ್ದರೆ ಈ ಸಂಕಟ ಇನ್ನೂ ಹೆಚ್ಚುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನ ಕೆಳಗೆ ಹಾವಿದೆಯೇ ಇಲ್ಲವೇ ಊಹಿಸಬೇಕು, ಹಾವಿದ್ದರೆ ಕೈಗೆ ಸಣ್ಣ ಆಘಾತ. 2016ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಆಘಾತ ಖಂಡಿತ ಬರುತ್ತದೆ ಎಂದಿದ್ದಾಗ ಇರುವ ಒತ್ತಡಕ್ಕಿಂತ ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ ಎಂದಿದ್ದಾಗ ಒತ್ತಡ ಹೆಚ್ಚು. ಅವರು ಹೇಳಿದ ಮಾತಿನಲ್ಲೂ ಅದು ಕಂಡಿತು, ಚರ್ಮದ ಬೆವರಿನಲ್ಲಿ ಮತ್ತು ಕಣ್ಣಿನ ಪಾಪೆಯ ಹಿಗ್ಗುವಿಕೆಯಲ್ಲೂ ಕಂಡಿತು. "ನೋಡೋಣ, ಆಮೇಲೆ ಹೇಳ್ತೀನಿ" ಎಂದು ಡಾಕ್ಟರು ಅರ್ಧ ಮಾತಾಡಿ ನಿಲ್ಲಿಸಿದರೆ ರೋಗಿಗೆ ಏನಾಗುತ್ತದೆ ಎಂದು ಇದರಿಂದ ಊಹಿಸಬಹುದು. ಕುರ್ಚಿಯಲ್ಲಿ ಕೆಲಸ ಶುರುವಾದ ಮೇಲೆ ಎಷ್ಟೋ ಜನಕ್ಕೆ ಸಮಾಧಾನವಾಗುವುದಕ್ಕೂ ಇದೇ ಕಾರಣ. ಅಲ್ಲಿಯವರೆಗೆ ನೂರು ಸಾಧ್ಯತೆಗಳಿದ್ದವು, ಈಗ ಒಂದೇ ಇದೆ, ಅದು ನಡೆಯುತ್ತಿದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಎಂಟು ಅಂದುಕೊಂಡು ಹೋದವರಿಗೆ ಮೂರೇ ನೋವಾದರೆ, ಮುಂದಿನ ಸಲ ಅವರು ಮೂರು ಅಂದುಕೊಳ್ಳಬೇಕಲ್ಲ?

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೆರಿ ಕೆಂಟ್ 1985ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಲ್ಲಿನ ಚಿಕಿತ್ಸೆಗೆ ಬಂದವರನ್ನು ಅವರು ಮೂರು ಸಲ ಕೇಳಿದರು. ಚಿಕಿತ್ಸೆಗೆ ಮುಂಚೆ, ಎಷ್ಟು ನೋಯಬಹುದು? ಮುಗಿದ ಕೂಡಲೇ, ಎಷ್ಟು ನೋಯಿತು? ಮೂರು ತಿಂಗಳಾದ ಮೇಲೆ, ಅವತ್ತು ಎಷ್ಟು ನೋಯಿತ್ತು, ನೆನಪಿದೆಯೇ? ಕಡಿಮೆ ಹೆದರುವವರ ನೆನಪು ನಿಜಕ್ಕೆ ಹತ್ತಿರವಿತ್ತು. ಬಹಳ ಹೆದರುವವರ ನೆನಪು ಮಾತ್ರ ಅವರು ಅನುಭವಿಸಿದ ನೋವಿನಿಂದ ದೂರ ಸರಿದು, ಮುಂಚೆ ಊಹಿಸಿದ್ದ ನೋವಿನ ಹತ್ತಿರ ಹೋಗಿತ್ತು.

ಇದರ ಅರ್ಥ ಯೋಚಿಸಿ ನೋಡಿ. ಸುಜಾತ ಎಂಟು ಎಂದು ಹೆದರಿದರು, ಮೂರು ಅನುಭವಿಸಿದರು, ಮೂರು ತಿಂಗಳಲ್ಲಿ ಅದು ಆರೋ ಏಳೋ ಆಗಿ ನೆನಪಿನಲ್ಲಿ ಉಳಿಯಿತು. ಮುಂದಿನ ಸಲ "ಅನುಭವದಿಂದ ಹೇಳ್ತಿದ್ದೀನಿ, ಏಳು ನೋಯತ್ತೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅನುಭವ ಅಂದುಕೊಂಡು ಅವರು ತೆಗೆದು ನೋಡುತ್ತಿರುವುದು ತಮ್ಮ ಹಳೆಯ ಭಯವನ್ನೇ. ಭಯ ತಾನೇ ಸಾಕ್ಷಿ ಬರೆದುಕೊಂಡು, ಆಮೇಲೆ ಆ ಸಾಕ್ಷಿಯನ್ನು ತಾನೇ ನಂಬುತ್ತದೆ. ನಾನು ಈ ಕ್ಷೇತ್ರದಲ್ಲಿ ಓದಿದ್ದರಲ್ಲಿ ಇಷ್ಟು ಕೆಲಸಕ್ಕೆ ಬಂದ ಸಂಗತಿ ಇನ್ನೊಂದಿಲ್ಲ. ಧೈರ್ಯ ತುಂಬುವ ಮಾತುಗಳು ಯಾಕೆ ನಿಲ್ಲುವುದಿಲ್ಲ ಎನ್ನುವುದು ನನಗೆ ಅರ್ಥವಾದದ್ದು ಇದರಿಂದ.

ಇದರ ಜೊತೆಗೆ ಇನ್ನೊಂದು ಓರೆ ಇದೆ. ಕೆನಡಾದಲ್ಲಿ ಕೆಲಸ ಮಾಡಿದ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ನೆದರ್ಲೆಂಡ್ಸ್‌ನ ಆರ್ನೌಡ್ ಆರ್ನ್ಟ್ಸ್ ಇಂಥ ಊಹೆಗಳು ಹೇಗೆ ಬದಲಾಗುತ್ತವೆ ಎಂದು ನೋಡಿದವರು. ಅಂದುಕೊಂಡಿದ್ದಕ್ಕಿಂತ ಕಡಿಮೆ ನೋವಾದರೆ ಮುಂದಿನ ಊಹೆ ಇಳಿಯುತ್ತದೆ, ಆದರೆ ಸ್ವಲ್ಪಸ್ವಲ್ಪವೇ. ಹೆಚ್ಚು ಹೆದರುವವರಿಗೆ ಊಹೆ ಸರಿಹೋಗಲು ಇನ್ನೂ ಹೆಚ್ಚು ಸಲದ ಅನುಭವ ಬೇಕು. ಅಂದುಕೊಂಡಿದ್ದಕ್ಕಿಂತ ಜಾಸ್ತಿ ನೋವಾಯಿತೋ, ಊಹೆ ಒಂದೇ ಸಲಕ್ಕೆ ಮೇಲೆ ಹಾರುತ್ತದೆ.

ಹಾಗಾಗಿ ಹಲ್ಲಿನ ಡಾಕ್ಟರುಗಳಿಗೆ ನನ್ನದೊಂದು ಕಳಕಳಿಯ ವಿನಂತಿ. "ಏನೂ ಗೊತ್ತೇ ಆಗಲ್ಲಮ್ಮ" ಅನ್ನಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೀರಿ, ಆದರೆ ಆ ಮಾತು ನಂಬಿ ರೋಗಿ ತನ್ನ ಊಹೆಯನ್ನು ಸೊನ್ನೆಗೆ ಇಳಿಸಿಕೊಂಡಿರುತ್ತಾರೆ. ಮೇಲಿನ ಹಲ್ಲಿಗೆ ಅಂಗುಳಿನ ಕಡೆಯಿಂದ ಸೂಜಿ ಹಾಕಬೇಕಾದಾಗ ಅದು ನಿಜವಾಗಿಯೂ ನೋಯುತ್ತದೆ, ಯಾಕೆಂದರೆ ಅಲ್ಲಿಯ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ, ಔಷಧಿಗೆ ಹರಡಲು ಜಾಗವಿಲ್ಲ. ಸೊನ್ನೆ ಎಂದು ನಂಬಿದವರಿಗೆ ನಾಲ್ಕು ನೋವಾದರೆ, ಎಂಟು ಎಂದು ಹೆದರಿ ಬಂದವರಿಗೆ ನಾಲ್ಕು ನೋವಾದದ್ದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ. "ಸೂಜಿ ಚುಚ್ಚೋದು ಗೊತ್ತಾಗತ್ತೆ ಮೇಡಂ, ಆಮೇಲೆ ಸ್ವಲ್ಪ ಉರಿ, ನಿಧಾನವಾಗಿ ಹಾಕ್ತೀನಿ, ಒಂದು ನಿಮಿಷದಲ್ಲಿ ಮುಗಿಯತ್ತೆ" ಅಂದರೆ ಸಾಕು.

ಇನ್ನು ಮುಂದೂಡುವ ವಿಚಾರ. ಶನಿವಾರ ಮಧ್ಯಾಹ್ನ ಸುಜಾತ ಫೋನ್ ಮಾಡಿ "ಇವತ್ತು ಬರಕ್ಕಾಗಲ್ಲ, ಮುಂದಿನ ವಾರ ಬರ್ತೀನಿ" ಅಂದಿದ್ದರೆ ಏನಾಗುತ್ತಿತ್ತು? ಆ ಕ್ಷಣಕ್ಕೆ ಎದೆ ಹಗುರಾಗುತ್ತಿತ್ತು, ಸಂಜೆಯ ಕಾಫಿ ರುಚಿಸುತ್ತಿತ್ತು. ಆ ನೆಮ್ಮದಿಯೇ ಮುಂದೂಡುವ ಅಭ್ಯಾಸಕ್ಕೆ ಸಿಗುವ ಬಹುಮಾನ. ಮುಂದಿನ ಸಲ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಜೊತೆಗೆ, ಮೂರೇ ನೋವು ಎಂದು ಕಂಡುಕೊಳ್ಳುವ ಒಂದು ಅವಕಾಶವೂ ಕೈತಪ್ಪುತ್ತದೆ.

ಹಲ್ಲಂತೂ ಕಾಯುವುದಿಲ್ಲ. ಲವಂಗದ ಎಣ್ಣೆ, ನೋವಿನ ಮಾತ್ರೆ ಎಂದು ತಿಂಗಳು ದೂಡಿದಾಗ ಒಳಗಿನ ನರ ಊದಿಕೊಂಡು ಕೆರಳುತ್ತದೆ. ಇಲ್ಲಿ ನಿಮಗೆ ಯಾರೂ ಸಾಮಾನ್ಯವಾಗಿ ಹೇಳದ ಒಂದು ಸಂಗತಿ ಇದೆ. ಹೀಗೆ ತೀವ್ರವಾಗಿ ಕೆರಳಿದ ಕೆಳದವಡೆಯ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ತುಟಿ ಪೂರ್ತಿ ಜೋಮು ಹಿಡಿದಿದ್ದರೂ ಹಲ್ಲಿನೊಳಗೆ ನೋವು ಉಳಿದಿರಬಹುದು. ತುಟಿ ಜೋಮು ಹಿಡಿದಿದೆ, ಅಷ್ಟರಿಂದಲೇ ಹಲ್ಲೂ ಮರಗಟ್ಟಿತು ಎಂದು ತಿಳಿಯಬಾರದು. ಎಚ್ಚರದ ಡಾಕ್ಟರು ಡ್ರಿಲ್ ಮುಟ್ಟಿಸುವ ಮೊದಲು ಹಲ್ಲಿಗೆ ತಣ್ಣಗಿನದನ್ನು ತಾಗಿಸಿ "ಗೊತ್ತಾಗ್ತಿದೆಯಾ?" ಎಂದು ಕೇಳುತ್ತಾರೆ, ಗೊತ್ತಾಗುತ್ತಿದ್ದರೆ ಹಲ್ಲಿನ ಪಕ್ಕದಲ್ಲೇ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಕೇಳದಿದ್ದರೆ ನೀವೇ ಹೇಳಬಹುದು. ಬೇಗ ಬಂದಿದ್ದರೆ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದದ್ದು, ಭಯದಿಂದ ತಡವಾಗಿ, ನಿಜಕ್ಕೂ ನೋಯುವ ಚಿಕಿತ್ಸೆಯಾಗುತ್ತದೆ. ಕೊನೆಗೆ ಕುರ್ಚಿ ಹತ್ತಿದಾಗ ನೋವೂ ಆಗುತ್ತದೆ. "ನಾನು ಹೆದರಿದ್ದು ಸರಿಯಾಗೇ ಇತ್ತು" ಎಂದು ಆ ಮನುಷ್ಯ ಹೇಳುತ್ತಾರೆ, ಹೇಳುವುದು ನಿಜವೂ ಹೌದು. ಭಯವೇ ತನ್ನನ್ನು ನಿಜ ಮಾಡಿಕೊಳ್ಳುವ ದಾರಿ ಇದು. ನೋಡುತ್ತಾ ನಿಲ್ಲುವುದು ನಮಗೆ ಬಹಳ ಕಷ್ಟ.

ಏನು ಮಾಡಬಹುದು? ನೆನಪನ್ನು ನಂಬುವ ಹಾಗಿಲ್ಲದಿದ್ದರೆ ಕಾಗದವನ್ನು ನಂಬಬೇಕು. ಸುಜಾತ ಅವರಂಥವರಿಗೆ ನಾವು ಮಾಡಿಸುವುದು ಇಷ್ಟು. ಕ್ಲಿನಿಕ್‌ನ ಬೆಂಚಿನ ಮೇಲೆ ಕೂತಿರುವಾಗ ಒಂದು ಚೀಟಿಯಲ್ಲಿ ಬರೆಯಬೇಕು: ಇಂಜೆಕ್ಷನ್ ಎಷ್ಟು, ಡ್ರಿಲ್ ಎಷ್ಟು, ಮನೆಗೆ ಹೋದ ಮೇಲೆ ಎಷ್ಟು. ಒಟ್ಟಾಗಿ ಒಂದೇ ಅಂಕಿ ಬರೆದರೆ ಪ್ರಯೋಜನ ಕಡಿಮೆ, ಯಾಕೆಂದರೆ ಭಯ ಮಸುಕಾಗಿದ್ದಷ್ಟೂ ಅದನ್ನು ಸುಳ್ಳು ಮಾಡುವುದು ಕಷ್ಟ. ಕುರ್ಚಿ ಇಳಿದು ಹೊರಗೆ ಬಂದವರೇ, ದುಡ್ಡು ಕೊಡುವುದಕ್ಕೂ ಮೊದಲು, ಪಕ್ಕದಲ್ಲಿ ನಿಜವಾದ ಅಂಕಿ ಬರೆಯಬೇಕು. ಸಂಜೆಗೆ ಬರೆದರೆ ನೆನಪು ಆಗಲೇ ಕೈಯಾಡಿಸಿರಬಹುದು. ಮೂರನೆಯ ಅಂಕಿಯನ್ನು ಎರಡು ದಿನ ಬಿಟ್ಟು ತುಂಬಿದರೆ ಸಾಕು. ಆ ಚೀಟಿ ಪರ್ಸ್‌ನಲ್ಲಿರಲಿ. ಮುಂದಿನ ಸಿಟ್ಟಿಂಗ್‌ಗೆ ಮೂರು ದಿನ ಇರುವಾಗ, ಭಯ ಮೇಲೇಳುವ ಹೊತ್ತಿಗೆ ಸರಿಯಾಗಿ, ತೆಗೆದು ಓದಬೇಕು.

ಸುಜಾತ ಅವರ ಮೊದಲ ಚೀಟಿಯಲ್ಲಿ ಎಂಟು, ಒಂಬತ್ತು, ಏಳು ಇತ್ತು. ಪಕ್ಕದಲ್ಲಿ ಮೂರು, ಒಂದು, ಮೂರು. ಎರಡನೆಯ ಸಿಟ್ಟಿಂಗ್‌ಗೆ ಅವರು ಬರೆದದ್ದು ಆರು, ಐದು, ನಾಲ್ಕು. ಭಯ ಹೋಗಲಿಲ್ಲ, ಕೆಳಗಿಳಿಯಿತು. ಅದಕ್ಕಿಂತ ಹೆಚ್ಚನ್ನು ಒಂದು ಚೀಟಿಯಿಂದ ನಿರೀಕ್ಷಿಸಬಾರದು.

ಇನ್ನೆರಡು ವ್ಯವಸ್ಥೆಗಳಿವೆ. ಸಾಧ್ಯವಾದರೆ ಬೆಳಗಿನ ಮೊದಲ ಹೊತ್ತನ್ನು ಕೇಳಿ. ಸಂಜೆ ಐದೂವರೆ ಅಂದರೆ ಇಡೀ ಹಗಲು ಕಾಯುವುದಕ್ಕೇ ಹೋಗುತ್ತದೆ, ಕ್ಲಿನಿಕ್‌ನಲ್ಲೂ ಹಿಂದಿನವರದ್ದು ತಡವಾಗಿ ಇನ್ನರ್ಧ ಗಂಟೆ ಸೇರುತ್ತದೆ. ಮತ್ತೆ, ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಳ್ಳಿ. ಶುರುವಿನಲ್ಲೇ ಒಮ್ಮೆ ಸುಮ್ಮನೆ ಎತ್ತಿ, ಅವರು ನಿಲ್ಲಿಸುತ್ತಾರೆಯೇ ನೋಡಿ. ನಿಲ್ಲಿಸಿದರೆ ಆಮೇಲೆ ಎತ್ತುವ ಅಗತ್ಯವೇ ಬಹಳ ಸಲ ಬೀಳುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮರಗಟ್ಟಿಸುವ ಲಿಗ್ನೋಕೇನ್ ಔಷಧಿ ಆ ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲಲಿ ಎಂದು ಅದರ ಜೊತೆ ಅತಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ. ಅದರಿಂದ ಇಂಜೆಕ್ಷನ್ ಆದ ಮೇಲೆ ಕೆಲವು ನಿಮಿಷ ಎದೆ ಡವಡವ ಅನ್ನಬಹುದು, ಕೈ ನಡುಗಬಹುದು. ಗೊತ್ತಿಲ್ಲದವರು "ನನಗೆ ಏನೋ ಆಗ್ತಿದೆ" ಎಂದು ಗಾಬರಿಯಾಗುತ್ತಾರೆ, ಆ ಗಾಬರಿ ಎದೆಬಡಿತವನ್ನು ಇನ್ನಷ್ಟು ಏರಿಸುತ್ತದೆ. ಇದು ಔಷಧಿಯ ಕೆಲಸ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ ಎಂದು ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಹೃದಯದ ತೊಂದರೆ, ಬಿಪಿ ಇದ್ದವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬ ಯುವಕರು ಕೇಳಿದರು: "ಮೇಡಂ, ನನಗೆ ಸೂಜಿ ನೋಡಿದರೇ ತಲೆ ಸುತ್ತಿ ಬೀಳೋ ಹಾಗಾಗತ್ತೆ. ಉಸಿರು ಎಳೆದು ಬಿಡಿ, ಮೈ ಸಡಿಲ ಬಿಡಿ ಅಂತಾರೆ. ಮಾಡಿದ್ರೂ ಆಗಲ್ಲ."

ನಿಮ್ಮದು ನಾನು ಇಷ್ಟು ಹೊತ್ತು ಹೇಳಿದ್ದಕ್ಕಿಂತ ಬೇರೆ. ಸಾಮಾನ್ಯ ಭಯದಲ್ಲಿ ರಕ್ತದೊತ್ತಡ ಏರುತ್ತದೆ. ಸೂಜಿ, ರಕ್ತ ನೋಡಿ ತಲೆಸುತ್ತು ಬರುವವರಲ್ಲಿ ಅದು ಒಮ್ಮೆ ಏರಿ, ಆಮೇಲೆ ದಿಢೀರನೆ ಬೀಳುತ್ತದೆ. ಆಗ ಮೈ ಸಡಿಲ ಬಿಟ್ಟರೆ ಇನ್ನೂ ಬೀಳುತ್ತದೆ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದಕ್ಕೆ ಸರಿಯಾದದ್ದು: ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖಕ್ಕೆ ಬಿಸಿಯೇರುವವರೆಗೆ, ಬಿಗಿ ಹಿಡಿದು, ಆಮೇಲೆ ಮಾಮೂಲು ಸ್ಥಿತಿಗೆ ಬಿಡಬೇಕು, ಪೂರ್ತಿ ಸಡಿಲ ಬಿಡಬಾರದು. ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಮನೆಯಲ್ಲಿ ಕೆಲವು ದಿನ ಅಭ್ಯಾಸ ಮಾಡಿ ಬನ್ನಿ, ಕುರ್ಚಿಯನ್ನು ಮಲಗಿಸಿಯೇ ಇಂಜೆಕ್ಷನ್ ಕೊಡಿ ಎಂದು ಡಾಕ್ಟರಿಗೆ ಹೇಳಿ. ವರ್ಷಗಟ್ಟಲೆ ಹೋಗಿಯೇ ಇಲ್ಲ, ಮುಖ ಊದಿದರೂ ಹೋಗಲಾರೆ ಎನ್ನುವ ಸ್ಥಿತಿ ಇದ್ದರೆ ಚೀಟಿ ಸಾಲದು, ಮನಶ್ಶಾಸ್ತ್ರಜ್ಞರ ಜೊತೆ ಹಂತಹಂತವಾಗಿ ಕೆಲಸ ಮಾಡಬೇಕು. ಅದು ವರ್ಷಗಟ್ಟಲೆ ಎಳೆಯುವ ಚಿಕಿತ್ಸೆಯೇನಲ್ಲ, ಎಷ್ಟೋ ಜನಕ್ಕೆ ಕೆಲವೇ ಭೇಟಿಗಳು ಸಾಕಾಗುತ್ತವೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ: "ಮಗಳಿಗೆ ಆರು ವರ್ಷ. ಶುಕ್ರವಾರ ಹಲ್ಲು ತೆಗೆಸಬೇಕು. ಅವಳಿಗೆ ಈಗಲೇ ಹೇಳ್ಬೇಕಾ, ಅಥವಾ 'ಡಾಕ್ಟರಂಕಲ್ ಬರೀ ನೋಡ್ತಾರೆ' ಅಂತ ಕರ್ಕೊಂಡು ಹೋಗ್ಲಾ?"

ಬರೀ ನೋಡ್ತಾರೆ ಅನ್ನಬೇಡಿ ಅಮ್ಮ. ಅವಳು ಸೊನ್ನೆ ಅಂದುಕೊಂಡು ಬಾಯಿ ತೆರೆದಾಗ ಸೂಜಿ ಬಂದರೆ, ಮುಂದಿನ ಸಲ ಡಾಕ್ಟರನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ಹಾಗಂತ ಸೋಮವಾರವೇ ಹೇಳಿ ಐದು ದಿನ ಕಾಯಿಸಲೂ ಬೇಡಿ, ಆ ವಯಸ್ಸಿಗೆ ಹಿಂದಿನ ದಿನ ಹೇಳಿದರೆ ಸಾಕು. ಇರುವೆ ಕಚ್ಚಿದ ಹಾಗೆ ಒಂದು ಸಲ ಆಗುತ್ತದೆ, ಆಮೇಲೆ ತುಟಿ ದಪ್ಪ ಅನ್ನಿಸುತ್ತದೆ, ಹಲ್ಲು ಎಳೆಯುವಾಗ ತಳ್ಳಿದ ಹಾಗಾಗುತ್ತದೆ ಎಂದು ಚಿಕ್ಕ ಮಾತಿನಲ್ಲಿ ಹೇಳಿ. ಮನೆಯಲ್ಲಿ ಅವಳ ಮುಂದೆ ನಿಮ್ಮ ಹಲ್ಲಿನ ಕತೆಗಳನ್ನು ಯಾರೂ ಹೇಳದ ಹಾಗೆ ನೋಡಿಕೊಳ್ಳಿ. ಎಲ್ಲ ಮುಗಿದು ಕುರ್ಚಿಯಿಂದ ಇಳಿದ ತಕ್ಷಣ, ಅಳು ನಿಂತ ಕೂಡಲೇ, "ಎಷ್ಟು ನೋಯ್ತು ಪುಟ್ಟಿ, ಕೈಯಲ್ಲಿ ತೋರಿಸು" ಅನ್ನಿ. ಅವಳು ಎರಡು ಕೈಯ ಮಧ್ಯೆ ಎಷ್ಟು ಜಾಗ ಬಿಟ್ಟಳೋ ಅಷ್ಟಕ್ಕೆ ಒಂದು ದಾರ ಕತ್ತರಿಸಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಮತ್ತೆ ಹೋಗಬೇಕಾಗಿ ಬಂದು, "ಅವತ್ತು ತುಂಬಾ ನೋಯ್ತು ಅಮ್ಮ" ಎಂದು ಅವಳು ಅಳುವ ಹೊತ್ತಿಗೆ ಆ ದಾರ ಬೇಕಾಗುತ್ತದೆ.